ಹಳೆಯ ಸೈಕಲ್ ಕೊಡುವವರು ಪ್ರಕಟಣೆಯಲ್ಲಿ ಏನು ಬರೆಯಬೇಕು?



ಕಳೆದ ತಿಂಗಳ ‘ಕೊಡುವುದಿದೆ – ಬೇಕಾಗಿದೆ’ ವಿಭಾಗದಲ್ಲಿ ಹೊಸೂರಿನ ಸದಸ್ಯರೊಬ್ಬರ ಸೈಕಲ್ ಕುರಿತು ಒಂದು ಪ್ರಕಟಣೆ ಬಂದಿದ್ದು ಕೆಲವರಿಗೆ ನೆನಪಿರಬಹುದು. “26 ಇಂಚಿನ ಗೇರ್ ಸೈಕಲ್. 21 ಗೇರ್. ಬ್ರೇಕ್ ಚೆನ್ನಾಗಿದೆ. ಇತ್ತೀಚೆಗೆ ಸರ್ವೀಸ್ ಮಾಡಿಸಿದೆ. ಬೆಲೆ ರೂ. 4,500.” ಇಷ್ಟೇ ಇತ್ತು. ಇದನ್ನು ನೋಡಿ ಮಡಕಶಿರದ ಸದಸ್ಯರೊಬ್ಬರು ಬೆಳಗಿನ ಜಾವದ ಬಸ್ಸು ಹಿಡಿದು, ಹಿಂದೂಪುರ, ಬೆಂಗಳೂರು ದಾಟಿ, ಮಧ್ಯಾಹ್ನದ ಹೊತ್ತಿಗೆ ಹೊಸೂರಿಗೆ ಬಂದರು. ಸೈಕಲ್ ನೋಡಿದರು. ಕಾಲು ಆ ಕಡೆ ಹಾಕಿ ನಿಲ್ಲಲು ಹೋದರು. ಆಗಲಿಲ್ಲ. “ಸಾರ್, ಈ ವಯಸ್ಸಿನಲ್ಲಿ ನನ್ನ ಕೈಲಿ ಒಳಪೆಡಲು ತುಳಿಸ್ತೀರಾ?” ಎಂದು ನಕ್ಕರು. ಊಟ ಮಾಡಿಸಿ ಬಸ್ಸು ಹತ್ತಿಸಿದೆವು. ಅವರು ನಕ್ಕರೂ ನನಗೆ ನಗು ಬರಲಿಲ್ಲ. ಒಂದು ದಿನದ ಕೂಲಿಯನ್ನೂ ಬಸ್ಸಿನ ದುಡ್ಡನ್ನೂ ಕಳೆದುಕೊಂಡು ಹೋದರು.

ಪ್ರಕಟಣೆಯಲ್ಲಿ ಸುಳ್ಳೇನೂ ಇರಲಿಲ್ಲ. ತಪ್ಪು ಇದ್ದರೆ ಅದು ನನ್ನದು, ಏಕೆಂದರೆ ಸೈಕಲ್ಲಿನ ಯಜಮಾನರು ಬರೆದು ಕಳಿಸಿದ್ದನ್ನು ಎರಡು ಸಾಲಿಗೆ ಇಳಿಸಿದವನು ನಾನೇ. ಗುಮಾಸ್ತನಾಗಿದ್ದ ಕಾಲದಲ್ಲಿ ಪ್ರತಿವರ್ಷ ಪೀಠೋಪಕರಣಗಳ ರಿಜಿಸ್ಟರಿನಲ್ಲಿ ಕುರ್ಚಿ, ಮೇಜು, ಬೀರುಗಳ ಮುಂದೆ ‘ಸುಸ್ಥಿತಿ’ ಎಂದು ಬರೆದು ರುಜು ಹಾಕುತ್ತಿದ್ದೆ. ಮೂರು ಕಾಲಿನ ಕುರ್ಚಿಯೂ ಗೋಡೆಗೆ ಒರಗಿಸಿದರೆ ಸುಸ್ಥಿತಿಯೇ. ಆ ಚಾಳಿ ಇಲ್ಲಿಗೂ ಬಂದಿದೆ ಎಂದು ಕಾಣುತ್ತದೆ.

ಆ ಭಾನುವಾರ ಸೈಕಲ್ಲಿನ ಯಜಮಾನರೂ ನಾನೂ ಒಂದು ಅಳತೆ ಟೇಪು, ಒಂದು ಆಯಸ್ಕಾಂತದ ತುಂಡು ಇಟ್ಟುಕೊಂಡು ಅವರ ಮನೆಯ ಅಂಗಳದಲ್ಲಿ ಕುಳಿತೆವು. ಪಕ್ಕದ ಬೀದಿಯ ಸೈಕಲ್ ಮೇಸ್ತ್ರಿಯೂ ಬಂದರು. ಆ ಎರಡು ಸಾಲಿನ ಒಂದೊಂದು ಮಾತನ್ನೂ ಬಿಡಿಸಿ ನೋಡಿದೆವು. ಅಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

26 ಎಂದರೆ ಯಾವುದರ ಅಳತೆ?

ಮಡಕಶಿರದ ಸದಸ್ಯರು ಬರುವ ಮುಂಚೆ ಲೆಕ್ಕ ಹಾಕಿಯೇ ಬಂದಿದ್ದರು. ಅವರ ತಂದೆಯ ಕಾಲದ ಕಪ್ಪು ಸೈಕಲ್ಲಿನ ಚಕ್ರ 28 ಇಂಚು. ಅದನ್ನೇ ಅವರು ಹೇಗೋ ತುಳಿಯುತ್ತಿದ್ದರು. ಇದು 26, ಅಂದರೆ ಅದಕ್ಕಿಂತ ಚಿಕ್ಕದು, ತನಗೆ ಸರಿಹೋಗುತ್ತದೆ ಎಂದುಕೊಂಡರು. ಲೆಕ್ಕ ತಪ್ಪಿದ್ದು ಇಲ್ಲಿ: 26 ಎಂಬುದು ಚಕ್ರದ ಅಳತೆ. ಮನುಷ್ಯನಿಗೆ ಸೈಕಲ್ ಹೊಂದುತ್ತದೋ ಇಲ್ಲವೋ ಎಂಬುದನ್ನು ಹೇಳುವುದು ಚಕ್ರವಲ್ಲ, ಫ್ರೇಮು.

ಈ ಗೊಂದಲಕ್ಕೆ ನಮ್ಮ ಅಂಗಡಿಗಳ ರೂಢಿಯೇ ಕಾರಣ. ಹಳೆಯ ಕಪ್ಪು ಸೈಕಲ್ಲನ್ನು “22 ಇಂಚು ಕೊಡಿ, 24 ಇಂಚು ಕೊಡಿ” ಎಂದು ಕೇಳುತ್ತಿದ್ದೆವಲ್ಲ, ಅದು ಫ್ರೇಮಿನ ಅಳತೆ. ಆ ಎರಡಕ್ಕೂ ಚಕ್ರ ಮಾತ್ರ ಒಂದೇ, 28 ಇಂಚಿನದು. ಆದರೆ ಮಕ್ಕಳ ಸೈಕಲ್ಲನ್ನು “20 ಇಂಚು” ಎಂದರೆ ಅದು ಚಕ್ರದ ಅಳತೆ. ಈಗಿನ ಗೇರ್ ಸೈಕಲ್ಲಿಗೆ ಹೇಳುವ 26, 27.5 ಕೂಡ ಚಕ್ರದವೇ. ಹೀಗೆ ಒಂದೇ ‘ಇಂಚು’ ಎಂಬ ಮಾತು ಎರಡು ಬೇರೆ ವಸ್ತುಗಳನ್ನು ಅಳೆಯುತ್ತಿದೆ. ಆದ್ದರಿಂದ ಪ್ರಕಟಣೆಯಲ್ಲಿ ಬರಿಯ ‘26’ ಎಂದು ಬರೆಯದೆ, ‘ಚಕ್ರ 26, ಫ್ರೇಮು ಇಷ್ಟು’ ಎಂದು ಎರಡನ್ನೂ ಬರೆಯಬೇಕು.

ಚಕ್ರದ ಅಳತೆಯನ್ನು ನೆನಪಿನಿಂದ ಬರೆಯಬೇಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದನ್ನು ನೋಡಿ ಪೂರ್ತಿಯಾಗಿ ನಕಲು ಮಾಡಿ. ನಾವು ನೋಡಿದ ಸೈಕಲ್ಲಿನಲ್ಲಿ 26 × 1.95 ಎಂದಿತ್ತು. ಕೆಲವು ಸಾದಾ ಸೈಕಲ್ಲುಗಳಲ್ಲಿ 26 × 1⅜ ಎಂದಿರುತ್ತದೆ. ಎರಡೂ 26 ಆದರೂ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ ಒಂದರಲ್ಲಿ 559 ಮಿ.ಮೀ., ಇನ್ನೊಂದರಲ್ಲಿ 590. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಮನೆಯಲ್ಲಿ ಹೊಸ ಟೈರು ಇದೆ, ಇದಕ್ಕೆ ಹಾಕಿಕೊಳ್ಳುತ್ತೇನೆ ಎಂದು ಕೊಳ್ಳುವವರಿಗೆ ಈ ವಿವರ ಬೇಕಾಗುತ್ತದೆ.

ಇನ್ನು ಫ್ರೇಮು. ಪೆಡಲುಗಳ ಅಚ್ಚು ಹಾದುಹೋಗುವ ಅಡ್ಡಕೊಳವೆಯ ನಡುಮಧ್ಯದಿಂದ, ಸೀಟಿನ ಕೊಳವೆಯ ಗುಂಟ ಮೇಲಕ್ಕೆ ಟೇಪು ಹಿಡಿಯಬೇಕು. ಅಡ್ಡಕೊಳವೆಯನ್ನು ಮೇಸ್ತ್ರಿಗಳು ಬಿಬಿ ಎನ್ನುತ್ತಾರೆ. ಫ್ರೇಮಿನ ಕೊಳವೆ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಅಳತೆ ನಿಲ್ಲಿಸಬೇಕು. ಅಲ್ಲಿಂದ ಮೇಲೆ ಬರುವ ಹೊಳೆಯುವ ಕಂಬಿ ಸೀಟಿನದು, ಅದನ್ನು ಸೇರಿಸಬಾರದು. ನಮ್ಮ ಯಜಮಾನರು ಮೊದಲು ಸೀಟಿನ ತುದಿವರೆಗೂ ಹಿಡಿದು 28 ಇಂಚು ಎಂದುಬಿಟ್ಟರು. ಸರಿಯಾಗಿ ಅಳೆದಾಗ ಬಂದದ್ದು 48 ಸೆಂ.ಮೀ., ಅಂದರೆ ಸುಮಾರು 19 ಇಂಚು.

ಆದರೆ ಇದೊಂದೇ ಸಾಲದು. ಹಳೆಯ ಸೈಕಲ್ಲಿನಲ್ಲಿ ಮೇಲಿನ ಬಾರು ನೆಲಕ್ಕೆ ಸಮಾನಾಂತರವಾಗಿರುತ್ತಿತ್ತು. ಫ್ರೇಮಿನ ಅಳತೆ ಗೊತ್ತಾದರೆ ಬಾರು ಎಷ್ಟು ಎತ್ತರ ಎಂಬುದೂ ಗೊತ್ತಾಗುತ್ತಿತ್ತು. ಈಗಿನವುಗಳಲ್ಲಿ ಬಾರು ಹ್ಯಾಂಡಲಿನಿಂದ ಸೀಟಿನ ಕಡೆಗೆ ಇಳಿಜಾರಾಗಿರುತ್ತದೆ, ಒಂದೊಂದರಲ್ಲಿ ಒಂದೊಂದು ತರಹ. ಆದ್ದರಿಂದ ಇನ್ನೆರಡು ಅಳತೆ ತೆಗೆಯಬೇಕು. ಒಂದು, ನೆಲದಿಂದ ಬಾರಿನ ಮೇಲ್ಮೈಗೆ ಎಷ್ಟು ಎಂಬುದು. ಸೈಕಲ್ಲಿನ ಎರಡೂ ಕಡೆ ಕಾಲು ಹಾಕಿ ನಿಂತಾಗ ಮೈ ಬರುವ ಜಾಗದಲ್ಲಿ, ಅಂದರೆ ಬಾರಿನ ನಡುಭಾಗದಲ್ಲಿ ಇದನ್ನು ಅಳೆಯಬೇಕು. ನಮ್ಮದರಲ್ಲಿ 77 ಸೆಂ.ಮೀ. ಬಂತು. ಇನ್ನೊಂದು, ಸೀಟನ್ನು ಪೂರ್ತಿ ಇಳಿಸಿದಾಗ ಮತ್ತು ಪೂರ್ತಿ ಏರಿಸಿದಾಗ ಬಿಬಿಯ ಮಧ್ಯದಿಂದ ಸೀಟಿನ ಮೇಲ್ಮೈಗೆ ಎಷ್ಟೆಷ್ಟು ಎಂಬುದು. ಏರಿಸುವಾಗ ಸೀಟಿನ ಕಂಬಿಯ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣುವಷ್ಟು ಎಳೆಯಬಾರದು. ಆ ಗೆರೆ ಫ್ರೇಮಿನ ಒಳಗೇ ಇರಬೇಕು, ಇಲ್ಲದಿದ್ದರೆ ಕಂಬಿ ಬಾಗುತ್ತದೆ ಅಥವಾ ಫ್ರೇಮಿನ ಬಾಯಿ ಸೀಳುತ್ತದೆ. ನಮಗೆ ಸಿಕ್ಕ ಅಳತೆ 60ರಿಂದ 76 ಸೆಂ.ಮೀ.

ಈ ಅಂಕಿಗಳನ್ನು ಕೊಳ್ಳುವವರು ತಮ್ಮ ಒಳಗಾಲಿನ ಅಳತೆಯ ಜೊತೆ ಹೋಲಿಸಬೇಕು. ದರ್ಜಿ ಪ್ಯಾಂಟಿಗೆ ತೆಗೆಯುವ ಅಳತೆ ಸ್ವಲ್ಪ ಕಡಿಮೆ ಬರುತ್ತದೆ, ಅದು ಬೇಡ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ದಪ್ಪ ಪುಸ್ತಕವನ್ನು ಕಾಲುಗಳ ನಡುವೆ ಅದರ ಅಂಚು ಗೋಡೆಗೆ ತಾಗುವಂತೆ ಇಟ್ಟು, ಸೀಟಿನ ಮೇಲೆ ಕುಳಿತಾಗ ಒತ್ತುವಷ್ಟು ಮೇಲಕ್ಕೆ ಒತ್ತಬೇಕು. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಅಳೆಯಬೇಕು. ಈ ಅಳತೆಯನ್ನು 0.88ರಿಂದ ಗುಣಿಸಿದರೆ ಬಿಬಿಯಿಂದ ಸೀಟಿಗೆ ಇರಬೇಕಾದ ಎತ್ತರ ಸಿಗುತ್ತದೆ. ಸೈಕಲ್ ಓಟಗಾರರು ಬಹುಕಾಲದಿಂದ ಬಳಸುತ್ತಿರುವ ಲೆಕ್ಕ ಇದು. ನಮ್ಮಂಥವರು ಇದಕ್ಕಿಂತ ಒಂದೆರಡು ಸೆಂಟಿಮೀಟರ್ ತಗ್ಗಿಸಿಕೊಂಡರೂ ನಡೆಯುತ್ತದೆ.

ಮಡಕಶಿರದವರಿಗೆ ಫೋನ್ ಮಾಡಿ ಕೇಳಿದೆ. ಅವರ ಒಳಗಾಲು 73 ಸೆಂ.ಮೀ. 0.88ರಿಂದ ಗುಣಿಸಿದರೆ 64. ಸೀಟು 60ರವರೆಗೂ ಇಳಿಯುತ್ತದೆ, ಆದ್ದರಿಂದ ಸೀಟಿನ ಮಟ್ಟಿಗೆ ಅವರಿಗೆ ತೊಂದರೆ ಇರಲಿಲ್ಲ. ಯಜಮಾನರು ಫೋನಿನಲ್ಲಿ “ಸೀಟು ಇಳಿಸಿಕೊಳ್ಳಬಹುದು ಬನ್ನಿ” ಎಂದಿದ್ದೂ ನಿಜವೇ. ಆದರೆ ಚಪ್ಪಲಿಯ ದಪ್ಪ ಎರಡು ಸೆಂಟಿಮೀಟರ್ ಸೇರಿಸಿದರೂ ಅವರ ಒಳಗಾಲು 75, ಬಾರು 77. ಸೀಟನ್ನು ಇಳಿಸಬಹುದು, ಬಾರನ್ನು ಇಳಿಸಲಾಗುವುದಿಲ್ಲ. ಸಿಗ್ನಲ್ಲಿನಲ್ಲಿ ತಟ್ಟನೆ ಕಾಲು ಕೊಡಬೇಕಾಗಿ ಬಂದಾಗ ಬಾರಿಗೂ ಮೈಗೂ ನಡುವೆ ಮೂರು ಸೆಂಟಿಮೀಟರಾದರೂ ಸಂದು ಇರಬೇಕು. ಅಂದರೆ ಈ ಸೈಕಲ್ಲಿಗೆ ಬರಿಗಾಲಿನ ಅಳತೆ ಕನಿಷ್ಠ 78 ಬೇಕು. ಮೇಲಿನ ಮಿತಿ ಸೀಟಿನಿಂದ ಬರುತ್ತದೆ. 76ನ್ನು 0.88ರಿಂದ ಭಾಗಿಸಿದರೆ 86. ಹೀಗೆ ಒಳಗಾಲು 78ರಿಂದ 86 ಇರುವವರಿಗೆ ಈ ಸೈಕಲ್ ಹೊಂದುತ್ತದೆ. ಎತ್ತರದಲ್ಲಿ ಹೇಳುವುದಾದರೆ ಸುಮಾರು ಐದೂವರೆ ಅಡಿಯಿಂದ ಆರು ಅಡಿ. ಈ ಒಂದು ವಾಕ್ಯ ಪ್ರಕಟಣೆಯಲ್ಲಿ ಇದ್ದಿದ್ದರೆ ಆ ದಿನ ಯಾರೂ ಬಸ್ಸು ಹತ್ತುತ್ತಿರಲಿಲ್ಲ.

ಸೀರೆಯುಟ್ಟು ತುಳಿಯಲು ಅನುಕೂಲವಾಗುವ ಬಾರಿಲ್ಲದ ಫ್ರೇಮಾದರೆ ಈ ತೊಡಕಿಲ್ಲ. ಸೀಟಿನ ಎರಡು ಅಳತೆ ಕೊಟ್ಟರೆ ಸಾಕು.

21 ಗೇರಿನಲ್ಲಿ ಎಷ್ಟು ಬೀಳುತ್ತವೆ?

21 ಎಂಬುದು ಗುಣಾಕಾರದ ಅಂಕಿ. ಪೆಡಲಿನ ಬಳಿ ಮೂರು ಹಲ್ಲುಚಕ್ರ, ಹಿಂದಿನ ಫ್ರೀವೀಲಿನಲ್ಲಿ ಏಳು. ಮೂರೇಳಲಿ ಇಪ್ಪತ್ತೊಂದು. ಇದರಲ್ಲಿ ಕೆಲವು ಒಂದಕ್ಕೊಂದು ಹತ್ತಿರದವು. ಮುಂದಿನ ದೊಡ್ಡದು ಮತ್ತು ಹಿಂದಿನ ದೊಡ್ಡದು, ಅಥವಾ ಎರಡೂ ಚಿಕ್ಕವು, ಹೀಗೆ ಹಾಕಿದರೆ ಚೈನು ಓರೆಯಾಗಿ ಓಡಿ ಸವೆಯುತ್ತದೆ. ಹಾಗೆ ಹಾಕಿದಾಗ ಸ್ವಲ್ಪ ಕರಕರ ಸದ್ದು ಬಂದರೆ ಅದು ದೋಷವಲ್ಲ.

ಬೆಟ್ಟದ ಊರುಗಳ ಸದಸ್ಯರಿಗೆ ಎಷ್ಟು ಗೇರು ಎಂಬುದಕ್ಕಿಂತ ಅತಿ ಹಗುರವಾದ ಗೇರು ಯಾವುದು ಎಂಬುದು ಮುಖ್ಯ. ಇದನ್ನು ತಿಳಿಯಲು ಹಲ್ಲು ಎಣಿಸಬೇಕು. ನಮ್ಮ ಸೈಕಲ್ಲಿನಲ್ಲಿ ಮುಂದೆ 24, 34, 42 ಹಲ್ಲು. ಹಿಂದೆ ಅತಿ ಚಿಕ್ಕದರಲ್ಲಿ 14, ಅತಿ ದೊಡ್ಡದರಲ್ಲಿ 28. ಮುಂದೆ 24, ಹಿಂದೆ 28 ಹಾಕಿದರೆ ಪೆಡಲು ಒಂದು ಸುತ್ತು ತಿರುಗುವಷ್ಟರಲ್ಲಿ ಚಕ್ರ ಒಂದು ಸುತ್ತಿಗೂ ಕಡಿಮೆ ತಿರುಗುತ್ತದೆ. ಕೋತಗಿರಿಯ ಏರಿಗೋ ಸುಲ್ತಾನ್ ಬತ್ತೇರಿಯ ಏರಿಗೋ ಇದು ಬೇಕು. 42ಕ್ಕೆ 14 ಹಾಕಿದರೆ ಒಂದು ಸುತ್ತಿಗೆ ಚಕ್ರ ಮೂರು ಸುತ್ತು. ಆದವಾನಿ, ಸೊಲ್ಲಾಪುರದ ಬಯಲಿನಲ್ಲಿ ಇರುವವರಿಗೆ ಮುಂದಿನ 24 ಹಲ್ಲಿನ ಚಕ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎಲ್ಲ ಗೇರುಗಳೂ ಬೀಳುತ್ತವೆಯೇ ಎಂದು ನೋಡಲು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿದು, ಒಬ್ಬರು ಕೈಯಲ್ಲಿ ಪೆಡಲು ತಿರುಗಿಸುತ್ತಾ ಇನ್ನೊಬ್ಬರು ಒಂದೊಂದಾಗಿ ಬದಲಿಸಬೇಕು. ಹಾಗೆ ಮಾಡಿದಾಗ ಮುಂದಿನ ಲಿವರು 3ಕ್ಕೆ ಹೋಯಿತು, ಟಕ್ ಎಂದಿತು, ಆದರೆ ಚೈನು ನಡುವಿನ ಚಕ್ರದಲ್ಲೇ ಉಳಿಯಿತು. ಹೆಸರಿಗೆ 21, ಬೀಳುತ್ತಿದ್ದದ್ದು 14. ಯಜಮಾನರು ಎರಡು ವರ್ಷದಿಂದ ನಡುವಿನದರಲ್ಲೇ ಓಡಿಸುತ್ತಿದ್ದುದರಿಂದ ಅವರಿಗೆ ಇದು ಗೊತ್ತೇ ಇರಲಿಲ್ಲ. ಮೇಸ್ತ್ರಿ ನೋಡಿದಾಗ ಗೇರಿನ ಕೇಬಲ್ ಅದರ ಕವಚದೊಳಗೆ ತುಕ್ಕು ಹಿಡಿದಿತ್ತು. ಕೇಬಲ್ಲೂ ಕವಚವೂ ಬದಲಾದ ಮೇಲೆ ಸರಿಹೋಯಿತು. ಇದು ಅಗ್ಗದ ಕೆಲಸ. ಆದರೆ ಅದೇ ಲಕ್ಷಣ ಚೈನನ್ನು ತಳ್ಳುವ ತೋಳು ಬಾಗಿದ್ದರೂ ಕಾಣುತ್ತದೆ, ಅದು ಅಗ್ಗವಲ್ಲ. ಮಾರುವ ಮೊದಲು ಯಾವುದೆಂದು ಮೇಸ್ತ್ರಿಯ ಹತ್ತಿರ ಕೇಳಿಸಿ ಬರೆದರೆ ಒಳ್ಳೆಯದು.

ಹೊಸ ಚೈನು ಯಾವಾಗಲೂ ಒಳ್ಳೆಯ ಸುದ್ದಿಯಲ್ಲ

ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನಗೇ ಇದು ಹೊಸದು.

ಚೈನು ಹಳೆಯದಾದರೆ ‘ಉದ್ದವಾಯಿತು’ ಎನ್ನುತ್ತೇವೆ. ಕಬ್ಬಿಣ ಹಿಗ್ಗುವುದಿಲ್ಲ. ಒಂದೊಂದು ಪಿನ್ನೂ ಅದರ ರಂಧ್ರವೂ ಒಂದಿಷ್ಟು ಸವೆದು, ಆ ಸವೆತವೆಲ್ಲ ಕೂಡಿ ಚೈನು ಉದ್ದವಾಗುತ್ತದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಆದ್ದರಿಂದ ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಬರುವಂತೆ ಸ್ಕೇಲು ಹಿಡಿದರೆ ಇಪ್ಪತ್ತನಾಲ್ಕನೆಯ ಪಿನ್ನಿನ ಮಧ್ಯ ಹನ್ನೆರಡು ಇಂಚಿನ ಗೆರೆಯ ಮೇಲೆ ಕೂರಬೇಕು. ಆ ಪಿನ್ನು ಗೆರೆಯಿಂದ ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಮೂರು ಮಿಲಿಮೀಟರ್ ಆಚೆ ಹೋಗಿದ್ದರೆ ಚೈನಿನ ಕಥೆ ಮುಗಿದಿದೆ ಮಾತ್ರವಲ್ಲ, ಅದು ತನ್ನ ಜೊತೆ ಫ್ರೀವೀಲಿನ ಹಲ್ಲನ್ನೂ ತಿಂದಿದೆ ಎಂದು ತಿಳಿಯಬೇಕು. ಉದ್ದವಾದ ಚೈನಿಗೆ ತಕ್ಕಂತೆ ಹಲ್ಲುಗಳ ನಡುವಿನ ಗುಂಡಿಯೂ ಹಿಗ್ಗಿರುತ್ತದೆ. ಎರಡೂ ಹಳೆಯವಾಗಿರುವವರೆಗೆ ಹೊಂದಿಕೊಂಡು ಓಡುತ್ತವೆ. ಅದರ ಮೇಲೆ ಹೊಸ ಚೈನು ಹಾಕಿದರೆ ಹೊಂದುವುದಿಲ್ಲ. ಬಲವಾಗಿ ತುಳಿದಾಗ ಹಲ್ಲಿನ ಮೇಲೇರಿ ಜಾರುತ್ತದೆ.

ನಮ್ಮ ಸೈಕಲ್ಲಿನ ಚೈನು ಅಳೆದೆವು. ಹನ್ನೆರಡು ಇಂಚಿಗೆ ಕೂದಲೆಳೆಯಷ್ಟೂ ಹೆಚ್ಚಿಲ್ಲ. ನಾನು ಭೇಷ್ ಎಂದೆ. ಮೇಸ್ತ್ರಿ ತಲೆ ಅಲ್ಲಾಡಿಸಿದರು. ‘ಇತ್ತೀಚೆಗೆ ಸರ್ವೀಸ್’ ಎಂದರೆ ಮಾರುವ ಸಲುವಾಗಿ ಹೋದ ತಿಂಗಳು ಹಾಕಿಸಿದ ಹೊಸ ಚೈನು. ಫ್ರೀವೀಲು ಮಾತ್ರ ಐದು ವರ್ಷದ ಹಿಂದಿನದೇ. “ಅದನ್ನೂ ಹಾಕಿಸಿ ಎಂದು ಅವತ್ತೇ ಹೇಳಿದ್ದೆ ಅಣ್ಣಾ” ಎಂದರು. ಮಾರುವ ಸೈಕಲ್ಲಿಗೆ ಏಕೆ ಎಂದು ಯಜಮಾನರು ಬೇಡವೆಂದಿದ್ದರಂತೆ. ಅದನ್ನು ಅವರೇ ಒಪ್ಪಿಕೊಂಡರು.

ಪರೀಕ್ಷೆ ಸುಲಭ. ಸಣ್ಣ ಏರಿನಲ್ಲಿ, ವಾಹನ ಸಂಚಾರವಿಲ್ಲದ ಕಡೆ, ಸೀಟಿನ ಮೇಲೆ ಕುಳಿತೇ, ಹಿಂದಿನ ಏಳೂ ಗೇರುಗಳಲ್ಲಿ ಒಂದೊಂದರಲ್ಲೂ ಹತ್ತು ಹೆಜ್ಜೆ ಬಲವಾಗಿ ತುಳಿಯಬೇಕು. ಎದ್ದು ನಿಂತು ತುಳಿಯಬಾರದು, ಆಗ ಚೈನು ಜಾರಿದರೆ ಬೀಳುವವರು ನೀವೇ. ನಮ್ಮದರಲ್ಲಿ ಚಿಕ್ಕದರಿಂದ ಎಣಿಸಿದರೆ ಮೂರನೆಯದೂ ನಾಲ್ಕನೆಯದೂ ಕಟಕ್ ಕಟಕ್ ಎಂದು ಜಾರಿದವು. ದಿನಾ ಬಳಸುತ್ತಿದ್ದದ್ದು ಅವೆರಡನ್ನೇ. ಕಣ್ಣಿಗೂ ಕಾಣುತ್ತಿತ್ತು: ಉಳಿದವುಗಳ ಹಲ್ಲು ನೆಟ್ಟಗಿದ್ದರೆ ಇವುಗಳ ಹಲ್ಲು ಒಂದೇ ಕಡೆಗೆ ಬಾಗಿ ಹುಲಿಯುಗುರಿನಂತಾಗಿದ್ದವು. ಹೊಸ ಫ್ರೀವೀಲಿಗೆ ಕೂಲಿ ಸೇರಿ 600 ರೂಪಾಯಿ ಎಂದರು ಮೇಸ್ತ್ರಿ.

ಆದ್ದರಿಂದ ‘ಹೊಸ ಚೈನು’ ಎಂದು ಬರೆಯುವವರು ಫ್ರೀವೀಲು ಯಾವಾಗಿನದು ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಬೇಕು.

ಬ್ರೇಕು

‘ಚೆನ್ನಾಗಿದೆ’ ಎಂಬುದು ಎಲ್ಲಿ ಎಂಬುದರ ಮೇಲೆ ನಿಂತಿದೆ. ಹೊಸೂರಿನ ಒಣಬೀದಿಯಲ್ಲಿ ಹಿಡಿಯುವ ಬ್ರೇಕು ಕಾಸರಗೋಡಿನ ಆಷಾಢದಲ್ಲಿ ಹಿಡಿಯದೆ ಇರಬಹುದು. ಮುಖ್ಯವಾಗಿ ರಿಮ್ಮನ್ನು ಹಿಡಿಯುವ ಬ್ರೇಕಿನಲ್ಲಿ ರಿಮ್ಮು ಯಾವ ಲೋಹದ್ದು ಎಂದು ನೋಡಬೇಕು. ನಿಕಲ್ ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಜಾರುತ್ತದೆ. ಅಲ್ಯೂಮಿನಿಯಂ ರಿಮ್ಮು ಮಳೆಯಲ್ಲೂ ಬಹಳ ಮೇಲು. ಆಯಸ್ಕಾಂತ ಇಟ್ಟು ನೋಡಿ. ಅಂಟಿಕೊಂಡರೆ ಉಕ್ಕು. ನಮ್ಮದರಲ್ಲಿ ಅಂಟಲಿಲ್ಲ.

ಆದರೆ ಅಲ್ಯೂಮಿನಿಯಂ ರಿಮ್ಮು ಸವೆಯುತ್ತದೆ. ರಬ್ಬರು ಉಜ್ಜುವ ಪಕ್ಕಭಾಗದ ಮೇಲೆ ಉಗುರು ಎಳೆದಾಗ ನಡುವೆ ಹಳ್ಳ ಹತ್ತಿದರೆ ಸವೆತ ಮುಂದುವರಿದಿದೆ. ತೀರ ತೆಳುವಾದ ರಿಮ್ಮು ಟೈರಿನ ಗಾಳಿಯ ಒತ್ತಡಕ್ಕೇ ಸೀಳಬಹುದು. ನಮ್ಮದರಲ್ಲಿ ಹಿಂದಿನದು ಚಪ್ಪಟೆಯಾಗಿಯೇ ಇತ್ತು, ಮುಂದಿನದರಲ್ಲಿ ಉಗುರಿಗೆ ಸ್ವಲ್ಪ ಹಳ್ಳ ಸಿಕ್ಕಿತು. ಈಗಲೇ ಬದಲಿಸಬೇಕಾದಷ್ಟಲ್ಲ ಎಂದರು ಮೇಸ್ತ್ರಿ. ಆದರೂ ಬರೆಯಬೇಕು.

ಬ್ರೇಕಿನ ರಬ್ಬರಿನಲ್ಲಿ ಅಡ್ಡ ಗೀರುಗಳಿರುತ್ತವೆ. ಗೀರು ಕಾಣುವವರೆಗೆ ರಬ್ಬರಿದೆ, ಗೀರು ಮಾಯವಾದರೆ ಬದಲಿಸಬೇಕು. ಗೀರು ಇದ್ದೂ ರಬ್ಬರಿನ ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಗಟ್ಟಿಯಾಗಿದೆ, ಹಿಡಿತ ಕಡಿಮೆ. ಲಿವರನ್ನು ಪೂರ್ತಿ ಒತ್ತಿದಾಗ ಅದಕ್ಕೂ ಹ್ಯಾಂಡಲಿಗೂ ನಡುವೆ ಎರಡು ಬೆರಳಿನ ಸಂದು ಉಳಿಯಬೇಕು. ಚಕ್ರ ತಿರುಗಿಸಿ ಬಿಟ್ಟು ಎರಡು ರಬ್ಬರುಗಳ ನಡುವೆ ರಿಮ್ಮು ಹೇಗೆ ಓಡುತ್ತದೆ ನೋಡಿದರೆ ಚಕ್ರಕ್ಕೆ ಬೆಂಡು ಇದೆಯೇ ಎಂಬುದೂ ತಿಳಿಯುತ್ತದೆ. ಇನ್ನೊಂದು ಮಾತು: ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಹ್ಯಾಂಡಲಿನ ಕೆಳಗೆ ಕಟಕಟ ಎಂದರೆ ದೋಷ ಬ್ರೇಕಿನದಲ್ಲದಿರಬಹುದು. ಹ್ಯಾಂಡಲಿನ ಕೊಳವೆಯ ಗೋಲಿಗಳು ಸಡಿಲವಾಗಿದ್ದರೂ ಹಾಗಾಗುತ್ತದೆ. ಡಿಸ್ಕ್ ಬ್ರೇಕು ಇರುವವರು ಕೇಬಲ್ಲಿನದೋ ಎಣ್ಣೆಯದೋ ಎಂದು ತಪ್ಪದೆ ತಿಳಿಸಿ. ಎಣ್ಣೆಯದನ್ನು ಎಲ್ಲ ಊರಿನಲ್ಲೂ ರಿಪೇರಿ ಮಾಡುವವರು ಸಿಗುವುದಿಲ್ಲ.

ರಿಪೇರಿಯ ಚರಿತ್ರೆ

ಯಜಮಾನರಲ್ಲಿ ನಾಲ್ಕಾರು ಬಿಲ್ಲುಗಳಿದ್ದವು. ಹಳೆಯ ಅಭ್ಯಾಸದಂತೆ ದಿನಾಂಕದ ಪ್ರಕಾರ ಜೋಡಿಸಿದೆ. ಟ್ಯೂಬು, ಬ್ರೇಕ್ ರಬ್ಬರು, ಕೇಬಲ್ಲು, ಮತ್ತೆ ಟ್ಯೂಬು. ನಡುವೆ ಮೂರು ವರ್ಷದ ಹಿಂದಿನ ಒಂದು ಬಿಲ್ಲಿನಲ್ಲಿ ‘ಫೋರ್ಕು’ ಎಂದಿತ್ತು. ಇದೇನು ಎಂದು ಕೇಳಿದೆ. “ಓ, ಅದಾ? ಒಂದು ಸಲ ರಾತ್ರಿ ಚರಂಡಿಗೆ ಇಳಿದುಬಿಟ್ಟಿತ್ತು. ಹಳೇ ಮಾತು, ಇತ್ತೀಚಿನದಲ್ಲವಲ್ಲ” ಎಂದರು.

ಇಲ್ಲಿ ನಾವು ತಿಳಿಯಬೇಕಾದ ವ್ಯತ್ಯಾಸವಿದೆ. ಟ್ಯೂಬು, ರಬ್ಬರು, ಕೇಬಲ್ಲು, ಚೈನು ಸವೆಯುವ ವಸ್ತುಗಳು. ಅವನ್ನು ಬದಲಿಸಿದ್ದು ಹೊಸದಾದಷ್ಟೂ ಕೊಳ್ಳುವವರಿಗೆ ಲಾಭ, ಹಳೆಯದಾದರೆ ಹೇಳಿ ಪ್ರಯೋಜನವಿಲ್ಲ. ಆದರೆ ಫೋರ್ಕು, ಫ್ರೇಮು, ಬೆಸುಗೆ, ಇವು ಪೆಟ್ಟಿನ ರಿಪೇರಿಗಳು. ಅವು ಎಷ್ಟೇ ಹಳೆಯವಾದರೂ ಹೇಳಲೇಬೇಕು, ಏಕೆಂದರೆ ಫೋರ್ಕು ಬಾಗುವಷ್ಟು ಬಲವಾಗಿ ಬಿದ್ದ ಪೆಟ್ಟು ಅದರ ಹಿಂದಿನ ಕೊಳವೆಗಳನ್ನೂ ಮುಟ್ಟಿರಬಹುದು. ಹ್ಯಾಂಡಲಿನ ಕೊಳವೆಗೆ ಕೆಳಗಿನ ಬಾರು ಸೇರುವ ಜಾಗದ ಅಡಿಯಲ್ಲಿ ಬೆರಳಾಡಿಸಿ ನೋಡಬೇಕು. ಕೊಳವೆ ಒಳಗೆ ಸುಕ್ಕುಗಟ್ಟಿದ್ದರೆ ಬೆರಳಿಗೆ ಉಬ್ಬು ಸಿಗುತ್ತದೆ, ಬಣ್ಣ ಅಡ್ಡಡ್ಡ ಬಿರುಕು ಬಿಟ್ಟಿರುತ್ತದೆ, ಕೆಲವೊಮ್ಮೆ ಆ ಬಿರುಕಿನಲ್ಲಿ ತುಕ್ಕಿನ ಗೆರೆ. ಇವು ಯಾವುವೂ ನಮಗೆ ಕಾಣಲಿಲ್ಲ. ಪಕ್ಕದಿಂದ ನೋಡಿದಾಗ ಮುಂದಿನ ಚಕ್ರ ಹಿಂದಕ್ಕೆ ಸರಿದಂತೆಯೂ ಇರಲಿಲ್ಲ.

ಬೆಸುಗೆ ಹಾಕಿಸಿದವರಿಗೆ ಒಂದು ಸೂಚನೆ. ಉಕ್ಕಿನ ಫ್ರೇಮಿಗೆ ತಿಳಿದವರು ಹಾಕಿದ ಬೆಸುಗೆ ನಿಲ್ಲುತ್ತದೆ. ಅಲ್ಯೂಮಿನಿಯಂ ಫ್ರೇಮಿನ ಗಟ್ಟಿತನ ಕಾರ್ಖಾನೆಯಲ್ಲಿ ಅದಕ್ಕೆ ಕೊಟ್ಟ ಶಾಖೋಪಚಾರದಿಂದ ಬಂದದ್ದು. ಬೀದಿಯ ಅಂಗಡಿಯಲ್ಲಿ ಬೆಸುಗೆ ಹಾಕಿದರೆ ಆ ಜಾಗದ ಸುತ್ತ ಅದು ಹೋಗಿಬಿಡುತ್ತದೆ. ಹೊರಗಿನಿಂದ ನುಣ್ಣಗೆ ಕಂಡರೂ ಮತ್ತೆ ಅಲ್ಲಿಯೇ ಮುರಿಯುವ ಭಯ ಇದ್ದೇ ಇರುತ್ತದೆ. ಅಂಥ ಸೈಕಲ್ಲನ್ನು ತುಳಿಯಲು ಎಂದು ಕೊಡುವುದು ಬೇಡ, ಬಿಡಿಭಾಗಗಳಿಗಾಗಿ ಎಂದು ಬರೆದರೆ ಪ್ರಕಟಿಸುತ್ತೇನೆ.

ಸೈಕಲ್ಲಿಗೆ ನೋಂದಣಿ ಪುಸ್ತಕ ಇಲ್ಲ. ರಾಜ್ಯದ ಗಡಿ ದಾಟಿಸುವಾಗ ಇದು ನಮ್ಮದೇ ಎಂದು ತೋರಿಸಲು ಇರುವುದು ಕೊಂಡ ಬಿಲ್ಲು ಮತ್ತು ಫ್ರೇಮಿನಲ್ಲಿ ಕೆತ್ತಿರುವ ಸಂಖ್ಯೆ. ಸಾಮಾನ್ಯವಾಗಿ ಅದು ಬಿಬಿಯ ಅಡಿಯಲ್ಲಿರುತ್ತದೆ, ಸೈಕಲ್ಲನ್ನು ತಲೆಕೆಳಗು ಮಾಡಿ ಕೆಸರು ಒರೆಸಿದರೆ ಕಾಣುತ್ತದೆ. ಅದನ್ನು ಪ್ರಕಟಣೆಯಲ್ಲಿ ಹಾಕುವುದು ಬೇಡ. ಕೊಳ್ಳುವವರಿಗೆ ಬರೆದುಕೊಡುವ ರಸೀದಿಯಲ್ಲಿ ಹಾಕಿ.

ಸಂಜೆಯ ಹೊತ್ತಿಗೆ ಪ್ರಕಟಣೆ ಹೀಗಾಯಿತು:

“ಐದು ವರ್ಷದ ಗೇರ್ ಸೈಕಲ್, ಹೊಸೂರು. ಉಕ್ಕಿನ ಫ್ರೇಮು 48 ಸೆಂ.ಮೀ. (19 ಇಂಚು). ಟೈರು 26 × 1.95. ನೆಲದಿಂದ ಬಾರು 77 ಸೆಂ.ಮೀ. ಪೆಡಲಿನ ಅಚ್ಚಿನಿಂದ ಸೀಟು 60ರಿಂದ 76 ಸೆಂ.ಮೀ. ಒಳಗಾಲು 78ರಿಂದ 86 ಸೆಂ.ಮೀ. ಇರುವವರಿಗೆ ಹೊಂದುತ್ತದೆ. ಗೇರು 3 × 7, ಎಲ್ಲವೂ ಬೀಳುತ್ತವೆ. ಮುಂದೆ 24-34-42 ಹಲ್ಲು, ಹಿಂದೆ 14ರಿಂದ 28. ಚೈನು ಹೋದ ತಿಂಗಳು ಹಾಕಿದ್ದು. ಫ್ರೀವೀಲು ಹಳೆಯದು, ಎರಡು ಗೇರುಗಳಲ್ಲಿ ಚೈನು ಜಾರುತ್ತದೆ, ಬದಲಿಸಲು ರೂ. 600 ಆಗಬಹುದು. ರಿಮ್ಮು ಹಿಡಿಯುವ ಬ್ರೇಕು, ರಬ್ಬರಿನ ಗೀರು ಅರ್ಧ ಉಳಿದಿದೆ, ಮುಂದಿನ ಅಲ್ಯೂಮಿನಿಯಂ ರಿಮ್ಮು ಸ್ವಲ್ಪ ಸವೆದಿದೆ. ಮುಂದಿನ ಗೇರಿನ ಕೇಬಲ್ ಈ ವಾರ ಹೊಸದು. ಮೂರು ವರ್ಷದ ಹಿಂದೆ ಚರಂಡಿಗೆ ಇಳಿದು ಫೋರ್ಕು ಬದಲಿಸಿದೆ, ಫ್ರೇಮಿನಲ್ಲಿ ಬಿರುಕು, ಸುಕ್ಕು, ಬೆಸುಗೆ ಇಲ್ಲ. ಕೊಂಡ ಬಿಲ್ಲು ಇದೆ. ಬೆಲೆ ರೂ. 3,700.”

ಬೆಲೆ ಇಳಿಸಿದ್ದು ಯಜಮಾನರೇ. ಫ್ರೀವೀಲಿಗೆ 600, ಫೋರ್ಕಿನ ವಿಷಯಕ್ಕೆ 200 ಎಂದು ಅವರೇ ಲೆಕ್ಕ ಹಾಕಿದರು. ಇಷ್ಟೆಲ್ಲ ಬರೆದರೆ ಯಾರು ಕೊಳ್ಳುತ್ತಾರೆ ಎಂದು ನನಗೆ ಅನುಮಾನವಿತ್ತು. ಮೂರನೆಯ ದಿನ ತಾಳವಾಡಿಯ ಸದಸ್ಯರೊಬ್ಬರು ಫೋನ್ ಮಾಡಿ, “ನನ್ನದು 81 ಬಂತು ಸಾರ್, ಫ್ರೀವೀಲು ಅಲ್ಲೇ ಹಾಕಿಸಿಡಿ, 600 ನಾನೇ ಕೊಡ್ತೀನಿ” ಎಂದರು. ಬಂದವರು ಚೌಕಾಸಿ ಮಾಡಲಿಲ್ಲ. ಅರ್ಧ ಗಂಟೆಯಲ್ಲಿ ರಸೀದಿ ಬರೆದು ಮುಗಿಯಿತು.

ಮಡಕಶಿರದ ಸದಸ್ಯರಿಗೆ ಇನ್ನೂ ಸೈಕಲ್ ಸಿಕ್ಕಿಲ್ಲ. ಅವರಿಗೆ ನೆಲದಿಂದ ಬಾರಿಗೆ 72 ಸೆಂ.ಮೀ. ಮೀರದ ಸೈಕಲ್ ಬೇಕು. ಸೀಟು 64 ಸೆಂ.ಮೀ. ಎತ್ತರಕ್ಕೆ ನಿಲ್ಲಬೇಕು. ಅವರಿರುವುದು ಬಯಲಿನಲ್ಲಿ, ಗೇರು ಇಲ್ಲದಿದ್ದರೂ ನಡೆಯುತ್ತದೆ. ಹಿಂದೂಪುರ, ರಾಯದುರ್ಗದ ಕಡೆಯ ಸದಸ್ಯರಲ್ಲಿ ಅಂಥದ್ದು ಇದ್ದರೆ ಮೇಲಿನಂತೆ ಅಳತೆ ಬರೆದು ಈ ತಿಂಗಳ 25ರೊಳಗೆ ಕಳಿಸಿಕೊಡಿ. ಈ ಸಲ ನಾನು ಒಂದು ಅಕ್ಷರವನ್ನೂ ಕಡಿತ ಮಾಡುವುದಿಲ್ಲ.

– ಕಾರ್ಯದರ್ಶಿ